ಸಾಂಬಾರ್ ಹದ ತಪ್ಪಿದಾಗ: ಹುಳಿ ಜಾಸ್ತಿಯೋ, ಬೇಳೆ ಕಡಿಮೆಯೋ?

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮಗ ಫೋನ್ ಮಾಡಿದ. ರೂಮಲ್ಲಿ ಮೂರು ಜನ ಹುಡುಗರು ಸೇರಿ ಅಡುಗೆ ಮಾಡಿಕೊಳ್ಳುತ್ತಾರೆ. "ಚಿಕ್ಕಮ್ಮ, ಸಾಂಬಾರ್ ಹುಳಿ ಹುಳಿ ಆಗಿದೆ. ಬೆಲ್ಲ ಹಾಕಿದೆ, ಸರಿ ಹೋಗ್ಲಿಲ್ಲ. ಆಮೇಲೆ ಸಪ್ಪೆ ಅನ್ನಿಸ್ತು, ಉಪ್ಪು ಹಾಕಿದೆ. ಖಾರ ಇಲ್ಲ ಅಂತ ಪುಡಿ ಹಾಕಿದೆ. ಈಗ ಏನೋ ಒಂಥರಾ ಇದೆ. ಇನ್ನೇನು ಹಾಕ್ಲಿ?"

"ಏನೂ ಹಾಕ್ಬೇಡ. ಮೊದಲು ಒಲೆ ಆರಿಸು," ಅಂದೆ.

ಅವನ ಸಾಂಬಾರನ್ನು ಹೇಗೆ ಸರಿ ಮಾಡಿದೆವು ಅನ್ನುವುದನ್ನು ಮುಂದೆ ಪೂರ್ತಿ ಬರೆದಿದ್ದೇನೆ. ದಿನನಿತ್ಯದ ಸಾಂಬಾರಿನಲ್ಲಿ ಬರುವ ದೋಷಗಳಲ್ಲಿ ಅರ್ಧಕ್ಕೂ ಹೆಚ್ಚು ಅವನದೇ ಜಾತಿಯವು. ನಾಲಿಗೆ ಒಂದು ದೋಷ ಹೇಳುತ್ತದೆ, ಪಾತ್ರೆಯಲ್ಲಿ ಇರುವುದು ಇನ್ನೊಂದು. ನಾಲಿಗೆ ಹೇಳಿದ್ದಕ್ಕೆ ಒಂದೊಂದೇ ಮದ್ದು ಹಾಕುತ್ತಾ ಹೋದರೆ ಕೊನೆಗೆ ಪಾತ್ರೆ ತುಂಬುತ್ತದೆ, ಹದ ಮಾತ್ರ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ತೊಗರಿಬೇಳೆ, ತರಕಾರಿ, ಹುಣಸೆಹಣ್ಣು, ಪುಡಿ ಹಾಕಿ ಮಾಡುವ ಮನೆಯ ಸಾಂಬಾರ್ ಬಗ್ಗೆ. ನಮ್ಮ ಕಡೆ ಹುಳಿ ಅಂತಲೂ ಅನ್ನುತ್ತೇವೆ. ತೆಂಗಿನಕಾಯಿ ಹುರಿದು ರುಬ್ಬಿ ಮಾಡುವ ಕರಾವಳಿಯ ಕೊದ್ದೆಲ್‌ನ ಲೆಕ್ಕ ಬೇರೆ. ಅದನ್ನು ಇಲ್ಲಿ ತಂದಿಲ್ಲ.

ರುಚಿ ನೋಡುವುದೇ ತಪ್ಪಿದ್ದರೆ

ಕುದಿಯುವ ಪಾತ್ರೆಯಿಂದ ಸೌಟಲ್ಲಿ ಎತ್ತಿ, ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ ತೀರ್ಮಾನ ಮಾಡುತ್ತೇವೆ ಅಲ್ವಾ? ಆ ಎರಡು ಹನಿ ಬರೀ ತಿಳಿ. ಬೇಳೆ ತಳದಲ್ಲಿ ಇರುತ್ತದೆ, ಹುಳಿ ಮತ್ತು ಉಪ್ಪು ನೀರಲ್ಲಿ ಇರುತ್ತವೆ. ಹಾಗಾಗಿ ಮೇಲಿನ ತಿಳಿ ನೆಕ್ಕಿದವರಿಗೆ ಸಾಂಬಾರ್ ಯಾವಾಗಲೂ ಇರುವುದಕ್ಕಿಂತ ಹುಳಿಯಾಗೇ ಕಾಣುತ್ತದೆ. ಅದೂ ಅಲ್ಲದೆ ನಾಲಿಗೆ ಸುಡುವಷ್ಟು ಬಿಸಿ ಇದ್ದಾಗ ಉಪ್ಪು ಸರಿಯಾಗಿ ಗೊತ್ತಾಗುವುದಿಲ್ಲ.

ತಳದಿಂದ ಒಮ್ಮೆ ಚೆನ್ನಾಗಿ ಕದಡಿ. ಅರ್ಧ ಸೌಟು ಸಣ್ಣ ಬಟ್ಟಲಿಗೆ ಹಾಕಿ. ಎರಡು ನಿಮಿಷ ಆರಲು ಬಿಡಿ. ಒಂದು ತುತ್ತು ಅನ್ನಕ್ಕೆ ಕಲಸಿ ತಿನ್ನಿ. ಅನ್ನ ಉಪ್ಪನ್ನೂ ಖಾರವನ್ನೂ ತಗ್ಗಿಸುತ್ತದೆ. ಬರೀ ಕುಡಿದರೆ ಸರಿ ಇದೆ ಅನ್ನಿಸುವ ಸಾಂಬಾರ್ ಅನ್ನಕ್ಕೆ ಸಪ್ಪೆ ಆಗುತ್ತದೆ. ಬರೀ ಕುಡಿಯುವಾಗ ಒಂದು ಚೂರು ಮುಂದೆ ಇದೆ ಅನ್ನಿಸಿದರೆ ಅನ್ನಕ್ಕೆ ಸರಿಯಾಗಿ ಕೂರುತ್ತದೆ. ಇಡ್ಲಿಗೆ ಮಾಡಿದ್ದರೆ ಇಡ್ಲಿಯ ತುಂಡಿನ ಜೊತೆಗೇ ನೋಡಿ.

ಇದಿಷ್ಟು ಮಾಡಿದ ಮೇಲೂ ದೋಷ ಇದೆ ಅನ್ನಿಸಿದರೆ ಮಾತ್ರ ಮುಂದಕ್ಕೆ ಹೋಗಿ. ಹತ್ತರಲ್ಲಿ ಮೂರು ಸಲ ಇಲ್ಲೇ ಮುಗಿದುಹೋಗುತ್ತದೆ ಅನ್ನುವುದು ನನ್ನ ಅಡುಗೆಮನೆಯ ಅಂದಾಜು.

ಯಾವುದನ್ನು ಯಾವುದಕ್ಕೆ ಅಳೆಯಬೇಕು

ಹಿರಿಯರು "ನಿಂಬೆಗಾತ್ರದ ಹುಣಸೆಹಣ್ಣು, ಒಂದು ಹಿಡಿ ಬೇಳೆ" ಅನ್ನುತ್ತಿದ್ದರು. ಅವರ ಲೆಕ್ಕ ಸರಿ ಬರುತ್ತಿತ್ತು, ಯಾಕೆಂದರೆ ಅವರ ಪಾತ್ರೆ ಬದಲಾಗುತ್ತಿರಲಿಲ್ಲ. ಅದೇ ಹಿತ್ತಾಳೆ ಪಾತ್ರೆ, ಅದೇ ಕಂಠದವರೆಗೆ ನೀರು. ನೀರು ಖಾಯಂ ಆಗಿದ್ದರಿಂದ ಉಳಿದದ್ದು ಕಣ್ಣಳತೆಯಲ್ಲಿ ನಡೆಯುತ್ತಿತ್ತು. ನಾವು ಒಂದು ದಿನ ಕುಕ್ಕರಲ್ಲಿ, ಒಂದು ದಿನ ಬಾಣಲೆಯಲ್ಲಿ ಮಾಡುತ್ತೇವೆ. ಪುಡಿಯ ಬಟ್ಟಲು ತೊಳೆದ ನೀರು, ಕುಕ್ಕರ್ ಬಟ್ಟಲು ತೊಳೆದ ನೀರು ಎಲ್ಲಾ ಅದಕ್ಕೇ ಸುರಿಯುತ್ತೇವೆ. ಆಮೇಲೆ ಹುಣಸೆಹಣ್ಣನ್ನು ಬೈಯುತ್ತೇವೆ.

ಹಾಗಾಗಿ ಎಲ್ಲವನ್ನೂ ಒಂದೇ ಒಂದರ ಎದುರು ಅಳೆಯಿರಿ. ಕುದಿದು ಮುಗಿದಾಗ ಪಾತ್ರೆಯಲ್ಲಿ ಒಟ್ಟು ಎಷ್ಟು ಸಾಂಬಾರ್ ಇದೆ ಅನ್ನುವುದೇ ಆ ಒಂದು. ಹೋಳು, ಬೇಳೆ, ನೀರು ಎಲ್ಲಾ ಸೇರಿದ ಅಳತೆ ಅದು. ನಾನು ಇಟ್ಟುಕೊಂಡಿರುವ ಲೆಕ್ಕ ಒಂದು ಲೀಟರಿಗೆ, ಅಂದರೆ 200 ಮಿಲಿ ಲೋಟದಲ್ಲಿ ಐದು ಲೋಟಕ್ಕೆ. ನಾಲ್ಕು ಜನರ ಒಂದು ಹೊತ್ತಿನ ಊಟಕ್ಕೆ ಸಾಕು.

ತೊಗರಿಬೇಳೆ 100 ಗ್ರಾಂ, ಅಂದರೆ ಅದೇ ಲೋಟದಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಹೋಳು 250 ಗ್ರಾಂ. ಹುಣಸೆಹಣ್ಣು ಬೀಜ ತೆಗೆದದ್ದು 20 ಗ್ರಾಂ, ಸಣ್ಣ ನಿಂಬೆಗಾತ್ರ. ಪುಡಿಯೂ 20 ಗ್ರಾಂ, ದೊಡ್ಡ ಚಮಚದಲ್ಲಿ ಗೋಪುರ ಕಟ್ಟಿದ ಹಾಗೆ ಎರಡು. ಪುಡಿಉಪ್ಪು 10 ಗ್ರಾಂ, ಚಹಾ ಚಮಚದಲ್ಲಿ ತಲೆ ಸವರಿದ್ದು ಸುಮಾರು ಎರಡು. ಬೆಲ್ಲ ಅಡಿಕೆಗಾತ್ರದ್ದು, ಬೇಕಿದ್ದರೆ. ಸುರಿಯುವ ನೀರು ಒಟ್ಟು ಮೂರೂವರೆಯಿಂದ ನಾಲ್ಕು ಲೋಟ ದಾಟಬಾರದು.

ನೆನಪಿಟ್ಟುಕೊಳ್ಳಲು ನೂರು, ಇನ್ನೂರೈವತ್ತು, ಇಪ್ಪತ್ತು, ಇಪ್ಪತ್ತು, ಹತ್ತು. ಇದು ನನ್ನ ಮನೆಯ ಹದ. ನಿಮ್ಮ ಹುಣಸೆ ಹಳೆಯದಾಗಿ ಕಪ್ಪಾಗಿದ್ದರೆ, ನಿಮ್ಮ ಪುಡಿ ಖಾರವಾಗಿದ್ದರೆ ಅಂಕಿ ಅಲ್ಲಿಲ್ಲಿ ಜರುಗುತ್ತದೆ. ಆದರೆ ದೋಷ ಹುಡುಕುವಾಗ ಎದುರಿಗೆ ಹಿಡಿದು ನೋಡಲು ಏನಾದರೂ ಒಂದು ಬೇಕಲ್ಲ.

ಪಾತ್ರೆಯಲ್ಲಿ ಎಷ್ಟಿದೆ ಅಂತ ತಿಳಿಯುವುದು ಸುಲಭ. ದಿನಾ ಬಳಸುವ ಪಾತ್ರೆಗೆ ಒಮ್ಮೆ ಐದು ಲೋಟ ನೀರು ಸುರಿಯಿರಿ. ಮರದ ಸೌಟನ್ನು ನೆಟ್ಟಗೆ ಇಳಿಸಿ, ನೀರು ಮುಟ್ಟಿದ ಕಡೆ ಚಾಕುವಿನಿಂದ ಒಂದು ಗೆರೆ ಕೊರೆಯಿರಿ. ಆಮೇಲೆ ಜೀವಮಾನವಿಡೀ ಅಳೆಯುವ ಕೆಲಸ ಇಲ್ಲ. ಆ ಪಾತ್ರೆ, ಆ ಸೌಟು ಮಾತ್ರ ಬೇರೆ ಆಗಬಾರದು.

ಹುಡುಗನ ಪಾತ್ರೆ

ಅವನ ಹತ್ತಿರ ಗೆರೆ ಇರುವ ಸೌಟು ಎಲ್ಲಿಂದ ಬರಬೇಕು. "ಲೋಟದಲ್ಲಿ ಮೊಗೆದು ಇನ್ನೊಂದು ಪಾತ್ರೆಗೆ ಹಾಕ್ತಾ ಲೆಕ್ಕ ಮಾಡು," ಅಂದೆ. ಆರು ಲೋಟ ಬಂತು. ಅಂದರೆ ಒಂದು ಲೀಟರು 200 ಮಿಲಿ.

ಆಮೇಲೆ ಏನೇನು ಎಷ್ಟು ಹಾಕಿದ್ದ ಅಂತ ಕೇಳಿದೆ. ಬೇಳೆ "ಒಂದು ಹಿಡಿ". ಹಿಡಿ ಲೆಕ್ಕ ಬೇಡ, ಅದೇ ಹಿಡಿಯನ್ನು ಮತ್ತೆ ಲೋಟಕ್ಕೆ ಹಾಕಿ ನೋಡು ಅಂದೆ. ಕಾಲು ಲೋಟದ ಆಸುಪಾಸು, 50 ಗ್ರಾಂಗೆ ಹತ್ತಿರ. ಒಂದು ಮೂಲಂಗಿ, ಒಂದು ಕ್ಯಾರೆಟ್ ಸೇರಿ 200 ಗ್ರಾಂ. ಹುಣಸೆಹಣ್ಣು ಹೊಸ ಪೊಟ್ಟಣದಿಂದ ಮುರಿದ ದೊಡ್ಡ ನಿಂಬೆಗಾತ್ರದ ಉಂಡೆ, 30 ಗ್ರಾಂ ಅಂತ ಇಟ್ಟುಕೊಂಡೆವು. ಪುಡಿ ಮೊದಲು ಒಂದು ದೊಡ್ಡ ಚಮಚ, ಆಮೇಲೆ ಇನ್ನೊಂದು. ಉಪ್ಪು ಮೊದಲು ಎರಡು ಚಹಾ ಚಮಚ, ಆಮೇಲೆ ಒಂದು. ಬೆಲ್ಲ ಕೇಳಲೇ ಬೇಡಿ.

ಈಗ ಲೆಕ್ಕದ ಎದುರು ಇಡೋಣ. ಆರು ಲೋಟ ಸಾಂಬಾರಿಗೆ ಹುಣಸೆಹಣ್ಣು 24 ಗ್ರಾಂ ಬೇಕಿತ್ತು. ಅವನು ಹಾಕಿದ್ದು 30. ಕಾಲು ಭಾಗ ಜಾಸ್ತಿ. ಇಷ್ಟಕ್ಕೇ ಮುಖ ಹಿಂಡುವಷ್ಟು ಹುಳಿ ಆಗುವುದಿಲ್ಲ. ಬೇಳೆ 120 ಗ್ರಾಂ ಬೇಕಿತ್ತು, ಇದ್ದದ್ದು 50. ಅರ್ಧಕ್ಕೂ ಕಡಿಮೆ. ದೋಷ ಇರುವುದು ಇಲ್ಲಿ.

ಹುಳಿಯನ್ನು ಹಿಡಿದಿಡುವುದು ಬೇಳೆ. ಬೆಂದು ಕರಗಿದ ಬೇಳೆ ಸಾಂಬಾರನ್ನು ಮಂದ ಮಾಡುತ್ತದೆ. ಮಂದವಾದದ್ದು ನಾಲಿಗೆಯ ಮೇಲೆ ನಿಧಾನಕ್ಕೆ ಹರಡುತ್ತದೆ, ಹುಳಿ ಒಮ್ಮೆಲೇ ಬಡಿಯುವುದಿಲ್ಲ. ಬೇಳೆಯ ಸಪ್ಪೆ ಸಿಹಿಯೂ ಜೊತೆಗೆ ಇರುತ್ತದೆ. ಬೇಳೆ ಅರ್ಧಕ್ಕೆ ಇಳಿದರೆ ಹುಣಸೆಹಣ್ಣು ಸರಿಯಾಗಿದ್ದರೂ ಹುಳಿ ಎದ್ದು ಕಾಣುತ್ತದೆ, ಖಾರ ಗಂಟಲಿಗೆ ಹೊಡೆಯುತ್ತದೆ, ಉಪ್ಪು ಮಾತ್ರ ಎಲ್ಲೋ ಕಳೆದುಹೋದ ಹಾಗಿರುತ್ತದೆ. ಅವನು ಹೇಳಿದ "ಒಂಥರಾ" ಅಂದರೆ ಇದೇ.

ಬೆಲ್ಲ ಹಾಕಿದಾಗ ಏನಾಯ್ತು? ಬೆಲ್ಲ ಹುಳಿಯನ್ನು ಕಡಿಮೆ ಮಾಡುವುದಿಲ್ಲ, ನಾಲಿಗೆಗೆ ಮರೆಮಾಡುತ್ತದೆ ಅಷ್ಟೆ. ಪಾತ್ರೆಯಲ್ಲಿ ಹುಳಿ ಹಾಗೇ ಇದೆ, ಮೇಲೆ ಸಿಹಿ ಬಂದು ಕೂತಿದೆ. ತೆಳ್ಳಗಿನ ಸಾಂಬಾರಿನಲ್ಲಿ ಎರಡೂ ಬೇರೆ ಬೇರೆ ಗೊತ್ತಾಗಿ ಪಾನಕದ ಹಾಗೆ ಆಗುತ್ತದೆ. ಅಡಿಕೆಗಾತ್ರದ ಬೆಲ್ಲ ಹದ ಮುಗಿಸಲು ಚೆನ್ನ. ಹದ ತಪ್ಪಿದ್ದನ್ನು ರಿಪೇರಿ ಮಾಡಲು ಅಲ್ಲ.

ಪರಿಹಾರ ಬೇಳೆ. "ಹಾಗಾದ್ರೆ ಇದಕ್ಕೇ ಬೇಳೆ ಹಾಕಿ ಕುಕ್ಕರ್ ಕೂಗಿಸ್ತೀನಿ," ಅಂದ. ಬೇಡ. ಹುಳಿ ನೀರಿನಲ್ಲಿ ಬೇಳೆ ಬೇಯಲು ತುಂಬಾ ಹಠ ಮಾಡುತ್ತದೆ, ಕಾಳು ಕಾಳಾಗಿ ಉಳಿಯುತ್ತದೆ. ಬೇರೆಯಾಗಿ 100 ಗ್ರಾಂ ಬೇಳೆಯನ್ನು ಒಂದೂಕಾಲು ಲೋಟ ಬರೀ ನೀರಿನಲ್ಲಿ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ನಾಲ್ಕು ಕೂಗು ಕೂಗಿಸಲು ಹೇಳಿದೆ. ಹಬೆ ತಾನಾಗಿ ಇಳಿದ ಮೇಲೆ ಸೌಟಿನ ಬೆನ್ನಿನಿಂದ ನುಣ್ಣಗೆ ಮಸೆದು, ಅದನ್ನು ಸಾಂಬಾರಿಗೆ ಬೆರೆಸಿ, ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಬೇಕು.

ಕುದಿದ ಮೇಲೆ ಪಾತ್ರೆಯಲ್ಲಿ ಸುಮಾರು ಒಂದೂವರೆ ಲೀಟರ್ ಆಗುತ್ತದೆ. ಈಗ ಬೇಳೆ ಒಟ್ಟು 150 ಗ್ರಾಂ, ಒಂದೂವರೆ ಲೀಟರಿಗೆ ಸರಿಯಾಗಿ ಬೇಕಾದಷ್ಟು. ಹುಣಸೆಹಣ್ಣು 30 ಗ್ರಾಂ, ಅದೂ ಸರಿ. ಉಪ್ಪು ಮೂರು ಚಮಚ ಆಗಿತ್ತಲ್ಲ, ಅದೂ ಸರಿ. ಪುಡಿ 20 ಗ್ರಾಂ ಇತ್ತು, 30 ಬೇಕು. ಹಾಗಾಗಿ ಬೇಳೆ ಬೆರೆಸುವಾಗಲೇ ಇನ್ನೊಂದು ದೊಡ್ಡ ಚಮಚ ಪುಡಿ. ಹೋಳು ಕಮ್ಮಿ ಬಿತ್ತು. ಅದು ದೋಷ ಅಲ್ಲ, ಬಡತನ ಅಷ್ಟೆ.

ಗಮನಿಸಿ, ಹುಣಸೆಹಣ್ಣಿಗೂ ಉಪ್ಪಿಗೂ ನಾವು ಕೈ ಹಚ್ಚಲೇ ಇಲ್ಲ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಫೋನ್ ಬಂತು. "ಸರಿ ಹೋಯ್ತು ಚಿಕ್ಕಮ್ಮ. ಸ್ವಲ್ಪ ಸಿಹಿ ಇದೆ." ಅದು ಬೆಲ್ಲದ ಪಾಪ, ಅನುಭವಿಸಬೇಕು. ಹೋಟೆಲ್ ಸಾಂಬಾರ್ ಅಂತ ಜೊತೆಯವರಿಗೆ ಹೇಳು ಅಂದೆ.

ತೆಳ್ಳಗಿದೆ ಅಂದರೆ ಎರಡು ಅರ್ಥ

ಬೇಳೆ ಹಾಕಿದ್ದು ಸರಿಯಾಗೇ ಇದೆ, ಆದರೂ ಸಾಂಬಾರ್ ನೀರು ನೀರು. ಆಗ ಒಂದು ಚಮಚ ಸಾಂಬಾರನ್ನು ಚಪ್ಪಟೆ ತಟ್ಟೆಗೆ ಹಾಕಿ, ತಟ್ಟೆಯನ್ನು ಸ್ವಲ್ಪ ಓರೆ ಮಾಡಿ. ಬೇಳೆ ನಡುವೆ ಗುಪ್ಪೆಯಾಗಿ ಉಳಿದು, ಸುತ್ತ ತಿಳಿ ನೀರು ಬೇರೆಯಾಗಿ ಹರಿದು ಹೋದರೆ ನೀರು ಜಾಸ್ತಿ ಆಗಿಲ್ಲ. ಬೇಳೆ ಕರಗಿಲ್ಲ. ಎಲ್ಲಾ ಒಟ್ಟಿಗೇ, ಒಂದೇ ಬಣ್ಣದಲ್ಲಿ ಹರಿದರೆ ಬೇಳೆ ಕರಗಿದೆ, ನೀರು ಜಾಸ್ತಿ.

ಬೇಳೆ ಕರಗದೆ ಇರುವುದಕ್ಕೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಬೇಳೆ ಡಬ್ಬದಲ್ಲಿ ವರ್ಷಗಟ್ಟಲೆ ಕೂತು ಹಳೆಯದಾಗಿರುತ್ತದೆ. ಇಲ್ಲವೇ ಬೋರ್‌ವೆಲ್‌ನ ಗಡಸು ನೀರಲ್ಲಿ ಬೇಯಿಸಿರುತ್ತೀರಿ. ಇಲ್ಲವೇ ಅವಸರಕ್ಕೆ ಟೊಮೆಟೊ, ಹುಣಸೆರಸ ಎಲ್ಲಾ ಬೇಳೆ ಜೊತೆಗೇ ಕುಕ್ಕರಿಗೆ ಹಾಕಿರುತ್ತೀರಿ. ಮೊದಲ ಎರಡಕ್ಕೆ ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸುವುದು, ಕುಡಿಯುವ ಫಿಲ್ಟರ್ ನೀರಲ್ಲಿ ಬೇಯಿಸುವುದು ಸಾಕು. ಮೂರನೆಯದಕ್ಕೆ ಅಭ್ಯಾಸ ಬದಲಿಸುವುದೊಂದೇ ದಾರಿ. ಆ ಹೊತ್ತಿನ ರಿಪೇರಿ ಇಷ್ಟೆ: ಜರಡಿ ಸೌಟಲ್ಲಿ ತಳದ ಗಸಿ ಎತ್ತಿ, ಹೋಳು ಆರಿಸಿ ಪಕ್ಕಕ್ಕಿಟ್ಟು, ಗಸಿ ತಣ್ಣಗಾದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ವಾಪಸ್ ಹಾಕಿ. ಐದು ನಿಮಿಷ ಕುದಿಸಿದರೆ ಕೂಡಿಕೊಳ್ಳುತ್ತದೆ.

ನೀರು ಜಾಸ್ತಿ ಆಗಿದ್ದರೆ ಕುದಿಸಿ ಇಂಗಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಇಂಗುವುದು ನೀರು ಮಾತ್ರ. ಉಪ್ಪು, ಹುಳಿ, ಖಾರ ಅಲ್ಲೇ ಉಳಿದು ಗಟ್ಟಿಯಾಗುತ್ತವೆ. ಆದ್ದರಿಂದ ಒಲೆ ದೊಡ್ಡದು ಮಾಡುವ ಮುಂಚೆ ಉಪ್ಪು ನೋಡಿ. ಈಗ ಉಪ್ಪು ಕಡಿಮೆ ಇದೆಯಾ? ಹಾಗಾದರೆ ನಿಜವಾಗಿಯೂ ನೀರೇ ಜಾಸ್ತಿ, ಧೈರ್ಯವಾಗಿ ಇಂಗಿಸಿ. ಉಪ್ಪು ಈಗಲೇ ಸರಿ ಇದೆಯಾ? ಹಾಗಾದರೆ ಇಂಗಿಸಬೇಡಿ, ಲೋಟ ಇಳಿದಂತೆ ಉಪ್ಪಾಗುತ್ತಾ ಹೋಗುತ್ತದೆ. ಆಗ ಮಂದ ಮಾಡುವುದನ್ನು ಹೊರಗಿನಿಂದ ಸೇರಿಸಬೇಕು. ಮಸೆದ ಬೇಳೆ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಒಂದು ದೊಡ್ಡ ಚಮಚ ಹುರಿಗಡಲೆಯನ್ನು ಎರಡು ಚಮಚ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಹಾಕಿ. ಅಕ್ಕಿಹಿಟ್ಟು ಕದಡಿ ಹಾಕುವುದೂ ಇದೆ. ಒಂದು ಚಹಾ ಚಮಚ ದಾಟಿದರೆ ಗಂಜಿಯ ಹಾಗೆ ಲೋಳೆ ಬರುತ್ತದೆ, ನನಗೆ ಅದು ಇಷ್ಟವಿಲ್ಲ.

ಉಪ್ಪು ಇಲ್ಲಿ ಒಳ್ಳೆ ಸಾಕ್ಷಿ. ಹುಣಸೆ ಒಂದೊಂದು ಸಲ ಒಂದೊಂದು ಥರ, ಪುಡಿ ತಿಂಗಳು ತಿಂಗಳಿಗೆ ಬೇರೆ. ಉಪ್ಪು ಮಾತ್ರ ಯಾವಾಗಲೂ ಅದೇ ಉಪ್ಪು. ಎಷ್ಟು ಚಮಚ ಹಾಕಿದಿರಿ ಅನ್ನುವುದು ಖಚಿತವಾಗಿ ಗೊತ್ತಿದ್ದರೆ, ಅದು ನಾಲಿಗೆಗೆ ಕಡಿಮೆ ಕಂಡರೆ ನೀರು ಜಾಸ್ತಿ ಹೋಗಿದೆ ಅಂತಲೇ ಅರ್ಥ. ಕಲ್ಲುಪ್ಪು ಬಳಸುವವರು ಒಂದು ಮಾತು ನೆನಪಿಡಿ. ಅದು ಚಮಚದಲ್ಲಿ ಸಡಿಲವಾಗಿ ಕೂರುತ್ತದೆ, ಅದೇ ಚಮಚಕ್ಕೆ ತೂಕ ಕಡಿಮೆ.

ನಿಜವಾಗಿಯೂ ಹುಳಿಯೇ ಜಾಸ್ತಿ ಆಗಿದ್ದರೆ

ಬೇಳೆ ಸರಿ ಇದೆ, ಲೋಟದ ಲೆಕ್ಕ ಸರಿ ಇದೆ, ಆದರೂ ಹುಳಿ. ಆಗ ಮೊದಲು ಕೇಳಿಕೊಳ್ಳಬೇಕಾದ್ದು ಹುಣಸೆರಸ ಎಷ್ಟು ಹೊತ್ತು ಕುದ್ದಿದೆ ಅನ್ನುವುದು. ಆಗ ತಾನೇ ಹಾಕಿದ ರಸಕ್ಕೆ ಒಂದು ಹಸಿ ಚುರುಕು ಇರುತ್ತದೆ, ಹಲ್ಲು ಚಳಕ್ ಅನ್ನುತ್ತದೆ. ಏಳೆಂಟು ನಿಮಿಷ ಹೋಳು, ಪುಡಿ ಜೊತೆ ಕುದ್ದರೆ ಆ ಹಸಿತನ ಹೋಗಿ ಹುಳಿ ದುಂಡಗಾಗುತ್ತದೆ. ಕುದಿಸದೇ ಹುಳಿ ಅಂತ ದೂರಬೇಡಿ.

ಎರಡನೆಯದು ಟೊಮೆಟೊ. ನಾಟಿ ಟೊಮೆಟೊ ಎರಡು ಹಾಕಿ, ಹುಣಸೆಯನ್ನೂ ಪೂರ್ತಿ ಹಾಕಿದರೆ ಹುಳಿ ಎರಡು ಕಡೆಯಿಂದ ಬಂತು. ಎರಡು ಮಧ್ಯಮ ನಾಟಿ ಟೊಮೆಟೊ ಹಾಕಿದ ದಿನ ನಾನು ಹುಣಸೆಹಣ್ಣು ಅರ್ಧಕ್ಕೆ ಇಳಿಸುತ್ತೇನೆ. ಗಟ್ಟಿ ಚರ್ಮದ, ಉದ್ದನೆಯ ಹೈಬ್ರಿಡ್ ಟೊಮೆಟೊದಲ್ಲಿ ಅಷ್ಟು ಹುಳಿ ಇರುವುದಿಲ್ಲ. ಆಗ ಕಾಲು ಭಾಗ ಇಳಿಸಿದರೆ ಸಾಕು.

ಕುದಿಸಿಯೂ ಹುಳಿ ಇಳಿಯದಿದ್ದರೆ ತೆಂಗಿನಕಾಯಿ ರುಬ್ಬಿ ಹಾಕಿ, ಕಾಲು ಲೋಟ ತುರಿ ಸಾಕು. ಅದರ ಜಿಡ್ಡು ಹುಳಿಯ ಅಂಚನ್ನು ಸವೆಸುತ್ತದೆ. ಒಂದು ಆಲೂಗಡ್ಡೆ ಹಾಕಿದರೆ ಹುಳಿ, ಉಪ್ಪು ಎರಡನ್ನೂ ಹೀರುತ್ತದೆ ಅಂತ ಹೇಳುವುದುಂಟು. ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ, ಸಾಂಬಾರನ್ನೇ ಸ್ವಲ್ಪ ಹೀರಿಕೊಳ್ಳುತ್ತದೆ. ಉಳಿದದ್ದು ಅಷ್ಟೇ ಉಪ್ಪು, ಅಷ್ಟೇ ಹುಳಿ. ಆಲೂಗಡ್ಡೆ ತಿನ್ನುವುದಕ್ಕೆ ಚೆನ್ನ, ಅಷ್ಟೆ. ಅಡುಗೆ ಸೋಡಾ ಹಾಕುವವರನ್ನೂ ನೋಡಿದ್ದೇನೆ. ಹುಳಿ ನಿಜಕ್ಕೂ ಇಳಿಯುತ್ತದೆ, ಜೊತೆಗೆ ಸಾಬೂನಿನ ರುಚಿ ಬರುತ್ತದೆ. ಬೇಡವೇ ಬೇಡ.

ಹೋಳು ಬೇಯುತ್ತಿಲ್ಲ, ಅಥವಾ ಕರಗಿಹೋಯ್ತು

ಇಪ್ಪತ್ತು ನಿಮಿಷ ಕುದ್ದರೂ ಹುರುಳಿಕಾಯಿ ಚರ್ಮದ ಹಾಗಿದೆ ಅಂದರೆ ಹುಣಸೆರಸ ಬೇಗ ಬಿದ್ದಿದೆ. ಬೇಳೆಗೆ ಹೇಳಿದ್ದೇ ತರಕಾರಿಗೂ. ಹುಳಿ ನೀರಲ್ಲಿ ಹೋಳು ಮೆತ್ತಗಾಗುವುದು ತುಂಬಾ ನಿಧಾನ. ಮೊದಲು ಉಪ್ಪು, ಅರಿಶಿನದ ನೀರಲ್ಲಿ ಮುಕ್ಕಾಲು ಭಾಗ ಬೇಯಿಸಿ. ಸೌಟಿನ ಅಂಚು ಒತ್ತಿದರೆ ಸ್ವಲ್ಪ ಹಠ ಮಾಡಿ ತುಂಡಾಗಬೇಕು. ಆಗ ರಸ ಹಾಕಿ. ಈ ಗುಣವೇ ಬೇರೆ ಕಡೆ ಉಪಕಾರಕ್ಕೂ ಬರುತ್ತದೆ. ಬದನೆ, ಬೆಂಡೆ, ಸಿಹಿಕುಂಬಳ ಬೇಗ ಕರಗುವ ಜಾತಿ. ಅವನ್ನು ರಸದ ಜೊತೆಗೇ ಹಾಕಿದರೆ ಹೋಳು ಹೋಳಾಗಿ ನಿಲ್ಲುತ್ತವೆ. ಬೆಂಡೆಯನ್ನು ಮಾತ್ರ ಮೊದಲು ಎಣ್ಣೆಯಲ್ಲಿ ಬಾಡಿಸಬೇಕು, ಇಲ್ಲದಿದ್ದರೆ ಲೋಳೆ.

ಹೋಳಿನಿಂದ ಹದ ತಪ್ಪುವ ಇನ್ನೊಂದು ದಾರಿ ಅದರ ಒಳಗಿನ ನೀರು. ಸೋರೆಕಾಯಿ, ಸೌತೆ, ಸೀಮೆಬದನೆ, ಮೂಲಂಗಿ ಕುದಿಯುತ್ತಾ ನೀರು ಬಿಡುತ್ತವೆ. ಇವುಗಳ ದಿನ ನಾನು ಅರ್ಧ ಲೋಟ ನೀರು ಕಡಿಮೆ ಸುರಿಯುತ್ತೇನೆ. ನಿನ್ನೆ ಬೀನ್ಸ್ ಹಾಕಿದಾಗ ಸರಿ ಇದ್ದ ಅಳತೆ ಇವತ್ತು ಸೋರೆಕಾಯಿಗೆ ಯಾಕೆ ತೆಳ್ಳಗಾಯ್ತು ಅನ್ನುವ ಪ್ರಶ್ನೆಗೆ ಉತ್ತರ ಇದೇ. ಸಿಹಿಕುಂಬಳ, ಕ್ಯಾರೆಟ್ ಇದ್ದ ದಿನ ಬೆಲ್ಲದ ಡಬ್ಬ ತೆಗೆಯಲೇಬೇಡಿ.

ಹೋಳು ತುಂಬಾ ಜಾಸ್ತಿ ಆದರೂ ದೋಷವೇ. ಫ್ರಿಜ್ ಖಾಲಿ ಮಾಡುವ ದಿನ ಐದು ಥರ ತರಕಾರಿ ಅರ್ಧ ಕಿಲೋ ಹಾಕಿದರೆ ಅದು ಸಾಂಬಾರ್ ಅಲ್ಲ, ಪಲ್ಯಕ್ಕೆ ನೀರು ಹಾಕಿದ ಹಾಗೆ. ಬೇಳೆಗೆ ಎರಡೂವರೆ ಪಟ್ಟು ತೂಕದ ಹೋಳು, ಎರಡು ಥರ, ಬಹಳ ಅಂದರೆ ಮೂರು.

ಪುಡಿ

ಹಸಿ ವಾಸನೆ ಬಂದರೆ ಕುದಿ ಸಾಲದು. ಪುಡಿ ಹಾಕಿದ ಮೇಲೆ ಎಂಟು ಹತ್ತು ನಿಮಿಷ ಕುದಿಯಲೇಬೇಕು. ಒಣ ಪುಡಿಯನ್ನು ಸೀದಾ ಕುದಿಯುವ ಪಾತ್ರೆಗೆ ಉದುರಿಸಿದರೆ ಗಂಟಾಗುತ್ತದೆ. ಗಂಟಿನ ಒಳಗಿನ ಪುಡಿ ಕೊನೆಯವರೆಗೂ ಹಸಿಯಾಗೇ ಉಳಿಯುತ್ತದೆ. ಕಾಲು ಲೋಟ ತಣ್ಣೀರಲ್ಲಿ ಕದಡಿ ಹಾಕಿ, ಆ ಕಾಲು ಲೋಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಹಿ ಬಂದರೆ ಪುಡಿಯ ಡಬ್ಬ ತೆಗೆದು ಚಿಟಿಕೆ ನಾಲಿಗೆ ಮೇಲೆ ಇಟ್ಟು ನೋಡಿ. ಪುಡಿಯೇ ಕಹಿ ಇದ್ದರೆ ಮೆಂತ್ಯ ಜಾಸ್ತಿ ಬಿದ್ದಿದೆ, ಇಲ್ಲವೇ ಹುರಿಯುವಾಗ ಸೀದಿದೆ. ಆ ಪುಡಿಗೆ ಮದ್ದಿಲ್ಲ. ಹೊಸದಾಗಿ ಮಾಡುವಾಗ ಮೆಂತ್ಯ ಹಾಕದೆ ಪುಡಿ ಮಾಡಿ, ಹಳೆಯದನ್ನು ಅದಕ್ಕೆ ಸ್ವಲ್ಪ ಸ್ವಲ್ಪ ಬೆರೆಸಿ ಖರ್ಚು ಮಾಡಿ. ಪುಡಿ ಚೆನ್ನಾಗಿದ್ದು ಸಾಂಬಾರ್ ಕಹಿ ಇದ್ದರೆ ಒಗ್ಗರಣೆ ನೋಡಿ. ಸಾಸಿವೆ ಚಟಪಟ ಅಂದ ಮೇಲೂ ಎಣ್ಣೆ ಕಾಯುತ್ತಿತ್ತೇ, ಮೆಣಸಿನಕಾಯಿ ಕಪ್ಪಾಗಿತ್ತೇ?

ಬಣ್ಣ ಬರಲಿಲ್ಲ ಅಂತ ಪುಡಿ ಹೆಚ್ಚಿಸುವುದು ಇನ್ನೊಂದು ತಪ್ಪು. ಬಣ್ಣ ಬ್ಯಾಡಗಿ ಮೆಣಸಿನಕಾಯಿಯದು, ಖಾರ ಗುಂಟೂರಿನದು. ಗುಂಟೂರಿನಲ್ಲೇ ಮಾಡಿದ ಪುಡಿಯನ್ನು ಬಣ್ಣಕ್ಕೋಸ್ಕರ ಸುರಿದರೆ ಬಣ್ಣ ಬರುವ ಮುಂಚೆ ಕಣ್ಣೀರು ಬರುತ್ತದೆ. ಪುಡಿ ಅಳತೆ ಮೀರಿದ್ದಕ್ಕೆ ಒಂದು ಗುರುತಿದೆ. ತುತ್ತು ನುಂಗಿದ ಮೇಲೆ ಗಂಟಲಲ್ಲಿ ಧನಿಯದ ಹೊಟ್ಟು ಗರಗರ ಅನ್ನುತ್ತದೆ, ಸಾಂಬಾರ್ ಆರುತ್ತಾ ಆರುತ್ತಾ ಗೊಜ್ಜಿನಂತಾಗುತ್ತದೆ. ಪುಡಿಯಲ್ಲಿ ಕಡಲೆಬೇಳೆ, ಉದ್ದಿನಬೇಳೆ ಇರುತ್ತವಲ್ಲ, ಅವೂ ನೀರು ಕುಡಿಯುತ್ತವೆ.

ವಾಸನೆಯೇ ಇಲ್ಲ ಅನ್ನುವುದಾದರೆ ಅರ್ಧ ಚಮಚ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ. ಧನಿಯದ ಘಮ ಮೂಗಿಗೆ ಏಳದಿದ್ದರೆ ಪುಡಿ ಸತ್ತಿದೆ. ಅದನ್ನು ಎರಡು ಪಟ್ಟು ಹಾಕಿದರೂ ಬರುವುದು ಖಾರ ಮತ್ತು ಗಸಿ, ಘಮ ಅಲ್ಲ. ಆ ದಿನಕ್ಕೆ ಒಂದು ಚಮಚ ಧನಿಯ, ಅರ್ಧ ಚಮಚ ಜೀರಿಗೆ ಹುರಿದು ಕುಟ್ಟಿ, ಒಲೆ ಆರಿಸುವ ಎರಡು ನಿಮಿಷ ಮುಂಚೆ ಹಾಕಿ. ಇಂಗು ಒಗ್ಗರಣೆಯಲ್ಲಿ ಇರಲಿ.

ಮರುದಿನ

ರಾತ್ರಿ ಸರಿ ಇದ್ದ ಸಾಂಬಾರ್ ಬೆಳಿಗ್ಗೆ ಮುದ್ದೆಯ ಹಾಗೆ ಗಟ್ಟಿಯಾಗಿದ್ದರೆ ಅದು ದೋಷ ಅಲ್ಲ. ತಣಿದಂತೆ ಬೇಳೆ, ಪುಡಿ ಎರಡೂ ನೀರು ಹೀರಿ ಬಿಗಿಯುತ್ತವೆ. ಮೊದಲು ಹಾಗೇ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಅರ್ಧಕ್ಕರ್ಧ ತಾನೇ ಸಡಿಲ ಆಗುತ್ತದೆ. ಆಮೇಲೂ ಬೇಕಿದ್ದರೆ ಬಿಸಿನೀರು ಕಾಲು ಕಾಲು ಲೋಟ ಸೇರಿಸಿ. ತಣ್ಣಗಿರುವಾಗಲೇ ನೀರು ಸುರಿದರೆ ಬಿಸಿಯಾದ ಮೇಲೆ ತೆಳ್ಳಗಾಗುತ್ತದೆ, ಆಮೇಲೆ ಉಪ್ಪು, ಪುಡಿ ಅಂತ ಮತ್ತೆ ಅದೇ ರಾಗ.

ಹುಡುಗ ಮರುದಿನ ಅದನ್ನೇ ಮಾಡಿದ್ದ. "ಚಿಕ್ಕಮ್ಮ, ಮತ್ತೆ ತೆಳ್ಳಗಾಯ್ತು," ಅಂತ ಬೆಳಿಗ್ಗೆ ಎಂಟಕ್ಕೇ ಫೋನು. ಎಷ್ಟು ಲೋಟ ಇದೆ ಅಂತ ಕೇಳಿದೆ. ಈ ಸಲ ಕೇಳುವ ಮುಂಚೆಯೇ ಅಳೆದಿಟ್ಟಿದ್ದ: ಮೂರೂವರೆ.